ಫೊನೆಟಿಕ್ ಬಿಟ್ಟು ಇನ್‌ಸ್ಕ್ರಿಪ್ಟ್‌ಗೆ ಬಂದ ಮೇಲೆ ನನ್ನ ಬೆರಳುಗಳು

ಹಲವು ವರ್ಷ ನಾನು ಫೊನೆಟಿಕ್‌ನಲ್ಲೇ ಟೈಪ್ ಮಾಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆ ಒತ್ತಿದರೆ ಕನ್ನಡ ಮೂಡುವ ಬಗೆ ಅದು. ಕಲಿಯಬೇಕಾದ್ದು ಏನೂ ಇರಲಿಲ್ಲ. ಉದ್ದದ ಬರಹಗಳನ್ನು ಟೈಪ್ ಮಾಡಲು ಶುರು ಮಾಡಿದಾಗಲೇ ಕೈ ಸೋಲತೊಡಗಿತು.

ಒಂದು ದಿನ ಕೀಲಿಗಳನ್ನು ಎಣಿಸಿದೆ. 'ಬರಬಹುದು' ಬರೆಯಲು ಫೊನೆಟಿಕ್‌ನಲ್ಲಿ barabahudu, ಹತ್ತು ಕೀಲಿ. ಕನ್ನಡ ಅಕ್ಷರಗಳನ್ನೇ ನೇರವಾಗಿ ಕೀಲಿಗಳಿಗೆ ಹಂಚಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ yjyugog, ಏಳೇ. 'ಕೆಲಸ'ಕ್ಕೆ ಆರರ ಬದಲು ನಾಲ್ಕು. ವ್ಯಂಜನದೊಳಗಿನ 'ಅ'ವನ್ನು ಬೇರೆಯಾಗಿ ಒತ್ತಬೇಕಿಲ್ಲ ಅಲ್ವಾ, ಉಳಿತಾಯವೆಲ್ಲ ಅಲ್ಲೇ. ಒತ್ತಕ್ಷರ ಬಂದರೆ ಆ ಲಾಭ ಕರಗುತ್ತದೆ. 'ಅಲ್ಲ' ಎರಡರಲ್ಲೂ ನಾಲ್ಕೇ ಕೀಲಿ.

ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಗಳೆಲ್ಲ ಹೆಚ್ಚುಕಡಿಮೆ ಎಡಗೈಗೆ, ವ್ಯಂಜನಗಳು ಬಲಗೈಗೆ. 'ಕುರಿತು' ಒತ್ತಿ ನೋಡಿ: kgjflg. ಬಲ, ಎಡ, ಬಲ, ಎಡ ಎಂದು ಕೈಗಳು ತಾಳ ಹಾಕಿದಂತೆ ನಡೆಯುತ್ತವೆ. ಆದರೆ ಮ, ನ, ವ ಮೂರೂ ಎಡಗೈ ಪಾಲಿಗೆ ಬಿದ್ದಿವೆ. ಹಾಗಾಗಿ 'ನಾನು' ಪೂರ್ತಿ ಎಡಗೈಯಲ್ಲೇ ಮುಗಿಯುತ್ತದೆ.

ನನಗೆ ಜಾಸ್ತಿ ಕಾಟ ಕೊಟ್ಟ ಪದ 'ಅಮ್ಮ'. ಅ ಇರುವುದು Shift+d, ಮ ಇರುವುದು c, ಒತ್ತಿಗೆ ಬೇಕಾದ ್ ಮತ್ತೆ d. d, c ಎರಡೂ ನಡುಬೆರಳಿನ ಕೀಲಿಗಳು. ನಾಲ್ಕು ಸಲ ಅದೇ ಬೆರಳು ಮೇಲೆ ಕೆಳಗೆ ಹಾರಬೇಕು. 'ನಮ್ಮ', 'ತಮ್ಮ', 'ಒಮ್ಮೆ' ಎಲ್ಲದರಲ್ಲೂ ಇದೇ ಪಾಡು. ಕೊನೆಗೆ c ಕೀಲಿಯನ್ನು ತೋರುಬೆರಳಿಗೆ ಕೊಟ್ಟೆ. ಟೈಪಿಂಗ್ ಪಾಠಕ್ಕೆ ಅದು ಒಪ್ಪುವುದಿಲ್ಲ, ಆದರೆ ಮ್ಮ ಸರಾಗವಾಯಿತು.

ತಪ್ಪುಗಳ ವಿಷಯವೇ ಬೇರೆ. ಫೊನೆಟಿಕ್‌ನಲ್ಲಿ Shift ತಪ್ಪಿದರೆ ಡ ಹೋಗಿ ದ, ಟ ಹೋಗಿ ತ, ಣ ಹೋಗಿ ನ ಬರುತ್ತಿತ್ತು. 'ಆಟ' ಸದ್ದಿಲ್ಲದೆ 'ಆತ' ಆಗುತ್ತಿತ್ತು. ಎರಡೂ ಸರಿಯಾದ ಪದಗಳೇ, ಆದ್ದರಿಂದ ಕಾಗುಣಿತ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಇನ್‌ಸ್ಕ್ರಿಪ್ಟ್‌ನಲ್ಲಿ ಟ, ಡ, ತ, ದ ಬೇರೆ ಬೇರೆ ಕೀಲಿಗಳು, ಈ ತೊಂದರೆಯೇ ಇಲ್ಲ. ಣ ಮಾತ್ರ ಮ ಕೀಲಿಯ Shift. ತಪ್ಪಿದರೆ 'ಕಣ್ಣು' 'ಕಮ್ಮು' ಆಗುತ್ತದೆ, ಕಣ್ಣಿಗೆ ತಕ್ಷಣ ಬೀಳುತ್ತದೆ.

ಳ ವಿಷಯದಲ್ಲಿ ಎರಡೂ ಒಂದೇ. ಇಲ್ಲಿಯೂ ಅದು ಲ ಕೀಲಿಯ Shift. 'ಹಳ್ಳಿ' 'ಹಲ್ಲಿ'ಯಾದದ್ದು ಎಷ್ಟು ಸಲವೋ! ಈಗ ಟೈಪ್ ಮುಗಿದ ಮೇಲೆ 'ಹಲ್ಲಿ', 'ಹೇಲಿ', 'ಬೆಲೆ'ಗಳನ್ನು ಹುಡುಕಿ ಒಂದೊಂದೇ ನೋಡುತ್ತೇನೆ. 'ಬೆಲೆ' ಎಲ್ಲಿ 'ಬೆಳೆ' ಆಗಬೇಕಿತ್ತು ಎಂದು ವಾಕ್ಯ ಓದಿದರೇ ಗೊತ್ತಾಗುವುದು.