ಪಿಒ, ಜಿಆರ್‌ಎನ್, ಬಿಲ್ ಮೂರನ್ನೂ ತಾಳೆ ನೋಡುವ ಶೀಟ್: ನನ್ನ ಅನುಭವ

ಬಿಲ್ ಬಂದಾಗ ಪಿಒ ತೆಗೆದು, ದರ ಮತ್ತು ಪ್ರಮಾಣ ನೋಡಿ ಟಿಕ್ ಹಾಕುವುದು ನಮ್ಮಲ್ಲಿದ್ದ ರೂಢಿ. ಮಾಲು ಒಂದೇ ಸಲಕ್ಕೆ ಬಂದರೆ ಅಷ್ಟು ಸಾಕು. ಕಂತಿನಲ್ಲಿ ಬಂದಾಗ ಸಾಲದು.

ಒಂದು ಉದಾಹರಣೆ ನೋಡಿ. ಆರ್ಡರ್ 100 ಪೆಟ್ಟಿಗೆ. ಮೊದಲು 60 ಬಂತು, 60ಕ್ಕೆ ಬಿಲ್ಲೂ ಬಂತು. ಆಮೇಲೆ 40 ಬಂತು. ಅದರಲ್ಲಿ 5 ಒಡೆದಿದ್ದವೆಂದು ಸ್ಟೋರ್ಸ್‌ನವರು ತಿರಸ್ಕರಿಸಿದರು. ಬಿಲ್ ಮಾತ್ರ ಪೂರ್ತಿ 40ಕ್ಕೆ. ಪಿಒ 100, ಬಿಲ್ 100, ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಆ 5 ಪೆಟ್ಟಿಗೆ ಸಿಗುವುದು ಜಿಆರ್‌ಎನ್‌ನಲ್ಲಿ, ಅದೂ 'ಸ್ವೀಕೃತ' ಕಾಲಂನಲ್ಲಿ. 'ಬಂದದ್ದು' ಎಂಬ ಕಾಲಂ ಎತ್ತಿಕೊಂಡರೆ ಶೀಟ್ ಕೂಡ ಎಲ್ಲ ಸರಿ ಎಂದೇ ಹೇಳುತ್ತದೆ.

ಹಾಗಾಗಿ PO, GRN, INV ಎಂಬ ಮೂರು ಶೀಟ್ ಮಾಡಿ, ಮೂರರಲ್ಲೂ A ಕಾಲಂನಲ್ಲಿ ಪಿಒ ನಂಬರ್ ಮತ್ತು ಐಟಂ ಸಾಲಿನ ನಂಬರ್ ಸೇರಿಸಿದ ಒಂದು ಕೀ ಇಟ್ಟೆ. ನಡುವೆ `|` ಹಾಕುತ್ತೇನೆ. ಅಡ್ಡಗೆರೆ ಹಾಕಿದರೆ 1-2ರಂಥ ಕೀಯನ್ನು ಎಕ್ಸೆಲ್ ದಿನಾಂಕ ಮಾಡಿಬಿಡುತ್ತದೆ. D ಕಾಲಂನಲ್ಲಿ ಪ್ರಮಾಣ, GRN ಶೀಟಿನಲ್ಲಿ ಅದು ಸ್ವೀಕೃತ ಪ್ರಮಾಣ. PO, INV ಶೀಟುಗಳ E ಕಾಲಂನಲ್ಲಿ ದರ. ಪ್ರಮಾಣವನ್ನು ಬಿಲ್ಲಿಗೊಂದು ಜಿಆರ್‌ಎನ್ ಎಂದು ಜೋಡಿಸಲು ಹೋಗಲಿಲ್ಲ, ಕಂತುಗಳು ಹಾಗೆ ಕೂಡಿಬರುವುದಿಲ್ಲ. PO ಶೀಟಿನ ಪ್ರತಿ ಸಾಲಿಗೂ ಈವರೆಗೆ ಸ್ವೀಕರಿಸಿದ್ದರಲ್ಲಿ ಈವರೆಗೆ ಬಿಲ್ ಆದದ್ದನ್ನು ಕಳೆದೆ:

```
=SUMIFS(GRN!D:D,GRN!A:A,A2)-SUMIFS(INV!D:D,INV!A:A,A2)
```

ಮೇಲಿನ ಉದಾಹರಣೆಗೆ ಉತ್ತರ -5. ಮೈನಸ್ ಬಂದರೆ ಪಾವತಿ ನಿಲ್ಲಿಸಿ ಕ್ರೆಡಿಟ್ ನೋಟ್ ಕೇಳುತ್ತೇವೆ. ಅದು ಬಂದ ಮೇಲೆ INVಯಲ್ಲಿ -5 ಎಂದು ಒಂದು ಸಾಲು ಸೇರಿಸಿದರೆ ಲೆಕ್ಕ ಸೊನ್ನೆಗೆ ಬರುತ್ತದೆ. ಪ್ಲಸ್ ಬಂದರೆ ಬಿಲ್ ಇನ್ನೂ ಬರಬೇಕಿದೆ ಎಂದರ್ಥ, ಗಾಬರಿ ಬೇಡ.

ದರವನ್ನು ಮಾತ್ರ ಹೀಗೆ ಒಟ್ಟು ಮಾಡಬಾರದು. ಒಂದು ಬಿಲ್ಲಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೆ ಸರಾಸರಿಯಲ್ಲಿ ಎರಡೂ ಮುಚ್ಚಿಹೋಗುತ್ತವೆ. ಅದನ್ನು INV ಶೀಟಿನಲ್ಲೇ ಸಾಲುಸಾಲಾಗಿ ನೋಡುತ್ತೇನೆ:

```
=E2-XLOOKUP(A2,PO!A:A,PO!E:E)
```

`#N/A` ಬಂದರೆ ಆ ಕೀಗೆ ಪಿಒ ಇಲ್ಲ, ಇಲ್ಲವೇ ಕೀಯಲ್ಲಿ ಎಲ್ಲೋ ಖಾಲಿ ಜಾಗ ಸೇರಿಕೊಂಡಿದೆ. ಅದನ್ನು IFERROR ಹಾಕಿ ಮುಚ್ಚಬೇಡಿ.

ಕೆಲವೊಮ್ಮೆ ಪ್ರಮಾಣ, ದರ ಎರಡರಲ್ಲೂ ಭಾರಿ ವ್ಯತ್ಯಾಸ ಕಾಣುತ್ತದೆ, ಮೊತ್ತ ಮಾತ್ರ ಸರಿಹೊಂದುತ್ತದೆ. ಆಗ ಯೂನಿಟ್ ಬೇರೆ ಎಂದೇ ತಿಳಿಯಿರಿ: ಪಿಒನಲ್ಲಿ 240ರಂತೆ 40 ಪೆಟ್ಟಿಗೆ, ಬಿಲ್ಲಿನಲ್ಲಿ 20ರಂತೆ 480 ಬಿಡಿ. INVಗೆ ಏರಿಸುವ ಮೊದಲೇ ಪಿಒ ಯೂನಿಟ್‌ಗೆ ಪರಿವರ್ತಿಸಿಕೊಳ್ಳುತ್ತೇನೆ.

ಈ ಶೀಟ್ ಹಿಡಿಯದ ಒಂದು ತಪ್ಪಿದೆ. ಸ್ವೀಕರಿಸಿದ ಮಾಲಿಗೆ ಇನ್ನೂ ಬಿಲ್ ಆಗದೆ ಉಳಿದಿರುವಾಗ ಹಳೆಯ ಬಿಲ್ಲನ್ನೇ ಎರಡನೇ ಸಲ ಏರಿಸಿದರೆ ಅದು ಆ ಬಾಕಿಯೊಳಗೆ ಸದ್ದಿಲ್ಲದೆ ಕೂತುಬಿಡುತ್ತದೆ, ಮೈನಸ್ ಬರುವುದಿಲ್ಲ. ಅದಕ್ಕಾಗಿ ಬಿಲ್ ನಂಬರಿನಿಂದ ಗೆರೆ, ಓರೆಗೆರೆ, ಖಾಲಿ ಜಾಗ ತೆಗೆದು, ಪೂರೈಕೆದಾರರ ಕೋಡ್ ಮತ್ತು ಕೀ ಜೊತೆ ಸೇರಿಸಿ, COUNTIF ಹಾಕಿ ಪುನರಾವರ್ತನೆಯನ್ನು ಬೇರೆಯಾಗಿ ನೋಡುತ್ತೇನೆ.