ನೋಟಿಸನ್ನು ಎರಡು ಸಲ ಬರೆಯಬೇಕಾಯಿತು

ಸೀರೆ ಅಂಗಡಿಯೊಂದಕ್ಕೆ ಫೋಟೋ ತೆಗೆದುಕೊಟ್ಟಿದ್ದೆ. ವೆಬ್‌ಸೈಟಿಗೆ ಮಾತ್ರ ಅಂತ ಕರಾರು. ಅವರು ಹೋರ್ಡಿಂಗಿಗೂ ಹಾಕಿಬಿಟ್ಟರು, 40,000 ರೂಪಾಯಿ ಬಾಕಿ ಬೇರೆ.

ಮೊದಲು ಸುಮ್ನೆ ಮ್ಯಾನೇಜರಿಗೆ ಇಮೇಲ್ ಮಾಡಿದೆ: "ಬೇಗ ಹಣ ಕೊಡಿ, ಇಲ್ಲದಿದ್ದರೆ ಕರಾರು ರದ್ದು." ಉತ್ತರವೇ ಬರಲಿಲ್ಲ. ಕರಾರು ತೆಗೆದು ಓದಿದಾಗ ನನ್ನ ತಪ್ಪು ಗೊತ್ತಾಯಿತು. ನೋಟಿಸ್ ಅಂಚೆಯಲ್ಲಿ ಕಂಪನಿಯ ನೋಂದಾಯಿತ ವಿಳಾಸಕ್ಕೇ ಹೋಗಬೇಕು, ತಲುಪಿದ ದಿನದಿಂದ 15 ದಿನ ಸರಿಪಡಿಸಲು ಬಿಡಬೇಕು ಅಂತ 9ನೇ ಕಲಮಿನಲ್ಲಿತ್ತು.

ಎರಡನೇ ಸಲ ಅಂಗಡಿಯವರ ಎರಡೂ ತಪ್ಪುಗಳನ್ನು ಬೇರೆ ಬೇರೆಯಾಗಿ ಬರೆದೆ. ಹಣಕ್ಕೆ 4ನೇ ಕಲಮು, ಬಿಲ್ಲಿನ ತಾರೀಖು, ಬಾಕಿ ಮೊತ್ತ. ಬಳಕೆಗೆ 6ನೇ ಕಲಮು. ಅದರ ಸಾಲನ್ನು ಇದ್ದ ಹಾಗೇ ಇಳಿಸಿ, ಹೋರ್ಡಿಂಗಿನ ಫೋಟೋ ಲಗತ್ತಿಸಿದೆ. ಆಮೇಲೆ ಈ ಸಾಲು: "ನೋಟಿಸ್ ತಲುಪಿದ 15 ದಿನದೊಳಗೆ ಬಾಕಿ ಪೂರ್ತಿ ಪಾವತಿಸಿ, ಹೋರ್ಡಿಂಗ್ ಇಳಿಸಿ ಅದರ ಫೋಟೋ ಕಳುಹಿಸಬೇಕು. ತಪ್ಪಿದರೆ 9ನೇ ಕಲಮಿನಂತೆ ಕರಾರು ಮುಗಿಸುವ ಹಕ್ಕು ನನಗಿರುತ್ತದೆ." ಈಗಲೇ ಮುಗಿಯಿತು ಅಂತ ಬರೆಯಲಿಲ್ಲ. ಗಡುವಿಗೆ ಮುಂಚೆ ಹಾಗಂದರೆ ಕರಾರು ಮುರಿದವನು ನಾನೇ ಆಗಿಬಿಡಬಹುದು, ಅಲ್ವಾ?

ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಿನ ತೋರಿಸುವ ಟ್ರ್ಯಾಕಿಂಗ್ ಪುಟವನ್ನು ಪ್ರಿಂಟ್ ತೆಗೆದಿಟ್ಟೆ. 11ನೇ ದಿನ ಹೋರ್ಡಿಂಗ್ ಇಳಿಯಿತು. 14ನೇ ದಿನ ಹಣ ಬಂತು.