ಪ್ಲಸ್ C ಬರೆಯಬೇಕಾದ ಸಾಲು ಯಾವುದು?

ಧಾರವಾಡದಲ್ಲಿ ಪಿಯುಸಿ ಎರಡನೇ ವರ್ಷದವರಿಗೆ ಗಣಿತ ಕಲಿಸುತ್ತೇನೆ. ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದುವಾಗ ಅನುಕಲನದ ಪುಟ ಬಂದರೆ ನಾನು ಮೊದಲು ಹುಡುಕುವುದು ∫ ಚಿಹ್ನೆ ಮಾಯವಾದ ಸಾಲನ್ನು. ಆ ಸಾಲಿನಲ್ಲಿ C ಇದೆಯೋ ಇಲ್ಲವೋ ನೋಡಿಕೊಂಡರೆ ಸಾಕು, ಕೆಳಗಿನ ಅರ್ಧ ಪುಟದಲ್ಲಿ ಏನಾಗಿರುತ್ತದೆ ಅನ್ನುವುದು ಬಹುಮಟ್ಟಿಗೆ ತಿಳಿದುಬಿಡುತ್ತದೆ. C ಬರೆಯದವರು ಒಂದು ಬಗೆಯವರು. ಕೊನೆಯ ಸಾಲಿಗೆ ಬಂದಾಗ ನೆನಪಾಗಿ ಅಲ್ಲಿ ಅಂಟಿಸಿದವರು ಇನ್ನೊಂದು ಬಗೆಯವರು. ಎರಡನೆಯವರ ತಪ್ಪನ್ನು ತಿಳಿಸಿ ಹೇಳುವುದೇ ಹೆಚ್ಚು ಕಷ್ಟ, ಏಕೆಂದರೆ ಅವರ ಪುಟದಲ್ಲಿ C ಇದೆ.

ಪೇಪರ್ ಕೊಟ್ಟ ದಿನ ಮೊದಲ ಬಗೆಯವರು ಬಂದು ನಿಲ್ಲುತ್ತಾರೆ. “ಸರ್, ಮ್ಯಾಲಿನ ಸ್ಟೆಪ್ ಎಲ್ಲಾ ಕರೆಕ್ಟ್ ಅದಾವಲ್ರೀ. ಒಂದ ಅಕ್ಷರ ಬಿಟ್ಟೀನಿ ಅಂತ ಒಂದ ಮಾರ್ಕ್ ಯಾಕ ಕಟ್ ಮಾಡೀರಿ?” ರೂಢಿಯಂತೆ ಬರೆಯಬೇಕು ಅಂದುಬಿಟ್ಟರೆ ಅದು ಉತ್ತರವಾಗುವುದಿಲ್ಲ. ಅದಕ್ಕೇ ನಾನು ಬೋರ್ಡಿನ ಮೇಲೆ ∫ sin x cos x dx ಬರೆದು, ಅಕ್ಕಪಕ್ಕ ಕೂತ ಇಬ್ಬರಿಗೆ ಬೇರೆ ಬೇರೆ ದಾರಿ ಕೊಡುತ್ತೇನೆ. ಒಬ್ಬರು u = sin x ಎಂದು ಹಿಡಿಯಲಿ, ಇನ್ನೊಬ್ಬರು u = cos x ಎಂದು. ಮೊದಲನೆಯವರಿಗೆ sin²x/2 ಬರುತ್ತದೆ, ಎರಡನೆಯವರಿಗೆ −cos²x/2. ಇಬ್ಬರದೂ ಸರಿ. C ಇಲ್ಲದೆ ಎರಡೂ ಒಂದೇ ಪ್ರಶ್ನೆಯ ಉತ್ತರವೆಂದು ಸಮ ಹಾಕಿ ನೋಡಿ: sin²x + cos²x = 0 ಆಗುತ್ತದೆ. ಅದು 1 ಎಂದು ಹತ್ತನೇ ಕ್ಲಾಸಿನ ಹುಡುಗರಿಗೂ ಗೊತ್ತು. ಎರಡು ಉತ್ತರಗಳ ನಡುವೆ ಎಲ್ಲ x ಗೂ ಸರಿಯಾಗಿ ಅರ್ಧದ ಅಂತರವಿದೆ, ಆ ಅಂತರವನ್ನು ತುಂಬಿಕೊಳ್ಳುವುದು C. ಹಾಗಾಗಿ C ಬಿಟ್ಟವನು ಬರೆದದ್ದು ಅನೇಕ ಉತ್ತರಗಳಲ್ಲಿ ಒಂದನ್ನು ಮಾತ್ರ, ಕೇಳಿದ್ದು ಅಷ್ಟನ್ನೂ. ಕೊನೆಯ ಹೆಜ್ಜೆಗೆ ಇಟ್ಟ ಅಂಕ ಆ ಪೂರ್ತಿ ಉತ್ತರಕ್ಕೆ ಇರುವಂಥದ್ದು.

ಹುಬ್ಬಳ್ಳಿ-ಧಾರವಾಡದಲ್ಲಿ ನಳದ ನೀರು ದಿನಾ ಬರದ ಓಣಿಯ ಮಕ್ಕಳಿಗೆ ಇನ್ನೊಂದು ರೀತಿಯಲ್ಲೂ ಹೇಳುತ್ತೇನೆ. ನಳದಿಂದ ಟಾಕಿಗೆ ನಿಮಿಷಕ್ಕೆ 20 ಲೀಟರ್ ಬೀಳುತ್ತಿದೆ ಎಂದಷ್ಟೇ ಹೇಳಿದರೆ, ಹತ್ತು ನಿಮಿಷದ ಮೇಲೆ ಟಾಕಿಯಲ್ಲಿ ಎಷ್ಟು ನೀರಿದೆ ಎಂದು ಯಾರೂ ಹೇಳಲಾರರು. ತುಂಬಿದ್ದು 200 ಲೀಟರ್ ಹೌದು. ನಳ ಬರುವ ಮೊದಲು ತಳದಲ್ಲಿ ಎಷ್ಟಿತ್ತು ಎನ್ನುವುದು ಬೇರೆ ಮಾಹಿತಿ, ಅದನ್ನು ಯಾರಾದರೂ ನೋಡಿ ಹೇಳಬೇಕು.

ಇಲ್ಲಿ ಒಂದು ತೊಡಕಿದೆ. ಅನುಕಲನದ ಉತ್ತರವನ್ನು ಮತ್ತೆ ಡಿಫರೆನ್ಶಿಯೇಟ್ ಮಾಡಿ ತಾಳೆ ನೋಡಿ ಎಂದು ನಾವೆಲ್ಲ ಹೇಳಿಕೊಡುತ್ತೇವೆ. ಒಳ್ಳೆಯ ಅಭ್ಯಾಸವೇ, ಆದರೆ C ಬಿಟ್ಟಿದ್ದನ್ನು ಅದು ಹಿಡಿಯುವುದಿಲ್ಲ. ಸ್ಥಿರಾಂಕದ ಡೆರಿವೇಟಿವ್ ಸೊನ್ನೆ, ಆದ್ದರಿಂದ C ಇದ್ದರೂ ಇಲ್ಲದಿದ್ದರೂ ತಾಳೆಯಾಗುತ್ತದೆ. ಜಾಣ ಮಕ್ಕಳು ಇಷ್ಟು ಸಣ್ಣದಕ್ಕೆ ಅಂಕ ಕಳೆದುಕೊಳ್ಳುವುದು ಬಹಳ ಸಲ ಇದೇ ಕಾರಣಕ್ಕೆ: ಅವರು ತಾಳೆ ನೋಡಿರುತ್ತಾರೆ, ಸರಿಯಿದೆ ಎಂದು ಮುಂದೆ ಹೋಗಿರುತ್ತಾರೆ.

ಇನ್ನು ದೊಡ್ಡ ಪ್ರಶ್ನೆಗೆ ಬರೋಣ. ಅವಕಲ ಸಮೀಕರಣದ ಪಾಠದಲ್ಲಿ C ಮರೆತರೆ ಹಾನಿ ಆ ಸಾಲಿಗೇ ನಿಲ್ಲುವುದಿಲ್ಲ. ನಾನು ಪ್ರತಿ ವರ್ಷ ಮಾಡಿಸುವ ಒಂದು ಲೆಕ್ಕ ಇದು:

dy/dx + y/x = 3x, x > 0. x = 1 ಇದ್ದಾಗ y = 3. ವಿಶೇಷ ಪರಿಹಾರ ಕಂಡುಹಿಡಿಯಿರಿ.

ಇಲ್ಲಿ P = 1/x, Q = 3x. ಇಂಟಿಗ್ರೇಟಿಂಗ್ ಫ್ಯಾಕ್ಟರ್ ಎಂದರೆ e ಯ ಘಾತದಲ್ಲಿ log x, ಅಂದರೆ x. ಸೂತ್ರದ ಪ್ರಕಾರ y·x = ∫ 3x·x dx. ಬಲಗಡೆ ∫ ಹೋಗುವ ಸಾಲಿನಲ್ಲಿ xy = x³ + C ಎಂದು ಬರೆಯಬೇಕು. x ನಿಂದ ಭಾಗಿಸಿದರೆ y = x² + C/x. ಕೊಟ್ಟ ಷರತ್ತು ಹಾಕಿದರೆ 3 = 1 + C, ಆದ್ದರಿಂದ C = 2, ಉತ್ತರ y = x² + 2/x.

C ಬರೆಯದವನ ಪುಟ ಹೀಗೆ ಸಾಗುತ್ತದೆ: xy = x³, y = x². ಈಗ x = 1 ಹಾಕಿದರೆ y = 1 ಬರುತ್ತದೆ, ಪ್ರಶ್ನೆಯಲ್ಲಿ 3 ಎಂದಿದೆ. ಮುಂದಕ್ಕೆ ದಾರಿಯೇ ಇಲ್ಲ. ಕೆಲವರು ಷರತ್ತನ್ನು ನೋಡದವರಂತೆ y = x² ಎಂದು ಡಬ್ಬಿ ಹಾಕಿ ಮುಗಿಸುತ್ತಾರೆ. ಕೆಲವರು ಇಂಟಿಗ್ರೇಟಿಂಗ್ ಫ್ಯಾಕ್ಟರ್ ತಪ್ಪಿರಬೇಕು ಎಂದುಕೊಂಡು, ಸರಿಯಾಗಿಯೇ ಇದ್ದ ಮೇಲಿನ ಸಾಲುಗಳನ್ನು ಗೀಚಿ ಹಾಕಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ನನಗೆ ಬಹಳ ನೋವಾಗುವುದು ಇಂಥ ಪುಟ ಕಂಡಾಗ. ಐದು ಅಂಕದ ಇಂಥ ಪ್ರಶ್ನೆಯನ್ನು ನಾನು ತಿದ್ದುವುದು ಹೀಗೆ: P, Q ಗುರುತಿಸಿದ್ದಕ್ಕೆ ಒಂದು, ಫ್ಯಾಕ್ಟರ್‌ಗೆ ಒಂದು, ಸೂತ್ರಕ್ಕೆ ಒಂದು, ಅನುಕಲಿಸಿ C ಬರೆದದ್ದಕ್ಕೆ ಒಂದು, C ಯ ಬೆಲೆ ಮತ್ತು ಉತ್ತರಕ್ಕೆ ಒಂದು. C ಬಿಟ್ಟವನಿಗೆ ಕೊನೆಯ ಎರಡೂ ಹೋಗುತ್ತವೆ. ಒಂದನ್ನು ಅವನು ಬಿಟ್ಟ; ಇನ್ನೊಂದನ್ನು ಗಳಿಸಲು ಬೇಕಾದ ಅಕ್ಷರವೇ ಅವನ ಪುಟದಲ್ಲಿಲ್ಲ.

ಎರಡನೆಯ ಬಗೆಯವನು xy = x³ ಬರೆದು, y = x² ಮಾಡಿಕೊಂಡು, ಆಗ ನೆನಪಾಗಿ y = x² + C ಎಂದು ಸೇರಿಸುತ್ತಾನೆ. ಷರತ್ತು ಹಾಕುತ್ತಾನೆ: 3 = 1 + C, C = 2. ಉತ್ತರದ ಕೀಯಲ್ಲೂ C = 2 ಎಂದೇ ಇದೆ! ಅವನ ಉತ್ತರ y = x² + 2. “ಸರ್, C ಹಾಕೀನ್ರಿ, ಬೆಲಿನೂ ಬರೊಬ್ಬರಿ ಬಂದೈತ್ರಿ, ಆದ್ರೂ ತಪ್ಪು ಹಾಕೀರಲ್ರೀ?” ಈ ಲೆಕ್ಕವನ್ನೇ ನಾನು ಆರಿಸಿಕೊಂಡದ್ದು ಈ ಪ್ರಶ್ನೆ ಬರಲಿ ಎಂದೇ. x = 1 ಇದ್ದಾಗ C ಯನ್ನು x ನಿಂದ ಭಾಗಿಸಿದರೂ ಬಿಟ್ಟರೂ ವ್ಯತ್ಯಾಸ ಕಾಣುವುದಿಲ್ಲ, ಆ ಒಂದು ಬಿಂದುವಿನಲ್ಲಿ ತಪ್ಪು ಅಡಗಿ ಕೂಡುತ್ತದೆ. x = 2 ಕ್ಕೆ ಹೋಗಿ ನೋಡು ಅನ್ನುತ್ತೇನೆ. ಸರಿ ಉತ್ತರದಲ್ಲಿ 4 + 1 = 5, ಅವನದರಲ್ಲಿ 4 + 2 = 6.

ಈ ತಪ್ಪನ್ನು ಪರೀಕ್ಷಾ ಕೊಠಡಿಯಲ್ಲೇ ಹಿಡಿಯಬಹುದು. ಬರಿಯ ಅನುಕಲನದಲ್ಲಿ ಕೈಕೊಟ್ಟ ತಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ. y = x² + 2 ಅನ್ನು ಮೂಲ ಸಮೀಕರಣಕ್ಕೆ ಹಾಕಿ: dy/dx ಅಂದರೆ 2x, y/x ಅಂದರೆ x + 2/x, ಕೂಡಿದರೆ 3x + 2/x. ಬರಬೇಕಾದದ್ದು 3x, 2/x ಉಳಿದುಕೊಂಡಿತು. ಆ ಉಳಿಕೆಯಲ್ಲಿ ಅವನು ಸೇರಿಸಿದ 2 ಎದುರಿಗೇ ಕಾಣುತ್ತದೆ. ಸರಿಯಾದ ಉತ್ತರ ಹಾಕಿದರೆ 2x − 2/x² ಮತ್ತು x + 2/x² ಕೂಡಿ, 2/x² ಗಳು ಒಂದನ್ನೊಂದು ಹೊಡೆದು, 3x ಮಾತ್ರ ನಿಲ್ಲುತ್ತದೆ. ಎರಡು ಸಾಲಿನ ಕೆಲಸ, ಐದು ಅಂಕದ ಪ್ರಶ್ನೆಗೆ ಅಷ್ಟು ಹೊತ್ತು ಕೊಡಬಹುದು.

ಇದಕ್ಕೆ ಕಾರಣ ಇಷ್ಟೇ. C ಹುಟ್ಟುವುದು ಅನುಕಲಿಸಿದ ಕ್ಷಣದಲ್ಲಿ. ಆಮೇಲೆ ಸಮೀಕರಣಕ್ಕೆ ಏನೇನು ಮಾಡುತ್ತೀರೋ, ಭಾಗಿಸುವುದೋ ಗುಣಿಸುವುದೋ ವರ್ಗಮೂಲ ತೆಗೆಯುವುದೋ, ಅದೆಲ್ಲ C ಗೂ ಆಗಬೇಕು. ತಡವಾಗಿ ಬಂದ C ಗೆ ಅದು ಯಾವುದೂ ಆಗಿರುವುದಿಲ್ಲ. dy/dx = y ಎಂಬ ಸಣ್ಣ ಸಮೀಕರಣದಲ್ಲೂ ಇದೇ ಕತೆ. y ಧನ ಎಂದಿಟ್ಟುಕೊಂಡು log y = x + C ಎಂದು ಬರೆದವನಿಗೆ y = eˣ·eᶜ ಬರುತ್ತದೆ, ಸ್ಥಿರಾಂಕ ಗುಣಕವಾಗಿ ಕೂಡುತ್ತದೆ. ತಡವಾಗಿ ಹಾಕಿದವನಿಗೆ y = eˣ + C, ಅದರ ಡೆರಿವೇಟಿವ್ eˣ ಮಾತ್ರ, y ಗೆ ಸಮವಲ್ಲ. ಹಾಗಾಗಿ ನನ್ನ ಕ್ಲಾಸಿನಲ್ಲಿ ಇರುವ ಕಟ್ಟಳೆ ಒಂದೇ: ಯಾವ ಸಾಲಿನಲ್ಲಿ ∫ ಅಳಿಯುತ್ತದೋ ಅದೇ ಸಾಲಿನಲ್ಲಿ, ಪೆನ್ನು ಎತ್ತುವ ಮೊದಲು, C ಬರೆಯಬೇಕು.

ಈ ಕಟ್ಟಳೆ ಹೇಳಿದ ಮೇಲೆ ಒಂದು ಒಳ್ಳೆಯ ಪ್ರಶ್ನೆ ಬರುತ್ತದೆ, ಬಂದರೆ ನನಗೆ ಖುಷಿ. “ಹಂಗಾದ್ರ ಇಂಟಿಗ್ರೇಟಿಂಗ್ ಫ್ಯಾಕ್ಟರ್ ತಗಿಯೋಮುಂದ 1/x ಇಂಟಿಗ್ರೇಟ್ ಮಾಡಿದ್ವಲ್ರೀ, ಅಲ್ಲಿ C ಯಾಕ ಹಾಕ್ಲಿಲ್ಲ?” ಹಾಕಿ ನೋಡೋಣ. log x + k ಎಂದು ಬರೆದರೆ ಫ್ಯಾಕ್ಟರ್ eᵏ·x ಆಗುತ್ತದೆ. ಇದರಿಂದ ಸಮೀಕರಣದ ಎರಡೂ ಬದಿಗಳನ್ನು ಗುಣಿಸುತ್ತೇವೆ, ಎರಡೂ ಕಡೆ ಇರುವ eᵏ ಹೊಡೆದುಹೋಗುತ್ತದೆ. ಅಲ್ಲಿ ನಮಗೆ ಬೇಕಿರುವುದು ಕೆಲಸ ಮಾಡುವ ಯಾವುದಾದರೂ ಒಂದು ಫ್ಯಾಕ್ಟರ್, ಎಲ್ಲವೂ ಅಲ್ಲ. ಭಾಗಶಃ ಅನುಕಲನದ ನಡುವಿನ ಹೆಜ್ಜೆಯಲ್ಲೂ ಹೀಗೆಯೇ, ಅಲ್ಲಿ ಹಾಕಿದ ಸ್ಥಿರಾಂಕ ಕೊನೆಗೆ ತಾನೇ ಕಳೆದುಹೋಗುತ್ತದೆ. ಮೇಲೆ ಕೆಳಗೆ ಮಿತಿ ಇರುವ ನಿಶ್ಚಿತ ಅನುಕಲನದಲ್ಲಂತೂ ಮೇಲಿನ C ಯಿಂದ ಕೆಳಗಿನ C ಕಳೆದು ಏನೂ ಉಳಿಯುವುದಿಲ್ಲ. ಅಲ್ಲಿ ಕೊನೆಯ ಉತ್ತರಕ್ಕೆ + C ಅಂಟಿಸಿದರೆ ಅದೂ ತಪ್ಪೇ.

ಎರಡು ಸಲ ಅನುಕಲಿಸಬೇಕಾದಲ್ಲಿ ಮಕ್ಕಳಿಗೆ ಈ ಮಾತು ಇನ್ನೂ ಚೆನ್ನಾಗಿ ನಾಟುತ್ತದೆ, ಅದೂ ಅವರು ಫಿಜಿಕ್ಸ್‌ನಲ್ಲಿ ಬಾಯಿಪಾಠ ಮಾಡಿದ ಸೂತ್ರಗಳಿಂದ. ವೇಗೋತ್ಕರ್ಷ a ಸ್ಥಿರವಾಗಿದೆ ಎನ್ನಿ. ಒಂದು ಸಲ ಅನುಕಲಿಸಿದರೆ v = at + C. t = 0 ಹಾಕಿದರೆ ಆ C ಎಂದರೆ ಆರಂಭದ ವೇಗ, ಅಂದರೆ v = u + at ಯಲ್ಲಿರುವ u. ಇನ್ನೊಮ್ಮೆ ಅನುಕಲಿಸಿದರೆ s = ut + ½at² ಮತ್ತು ಇನ್ನೊಂದು ಸ್ಥಿರಾಂಕ; ದೂರವನ್ನು ಹೊರಟ ಜಾಗದಿಂದಲೇ ಅಳೆದರೆ ಅದು ಸೊನ್ನೆ. ಮೊದಲ ಸಾಲಿನ C ಎರಡನೇ ಸಾಲಿಗೆ ಬರುವಾಗ ut ಆಗಿ, ಕಾಲದೊಂದಿಗೆ ಬೆಳೆಯುವ ಪದವಾಗಿದೆ. ಮೊದಲ ಸಲ ಅದನ್ನು ಬಿಟ್ಟು ಕೊನೆಗೆ ಒಂದೇ C ಹಾಕಿದವನ ಸೂತ್ರ s = ½at² + C. ಅದರಲ್ಲಿ ಪ್ರತಿಯೊಂದು ವಸ್ತುವೂ ನಿಂತಲ್ಲಿಂದಲೇ ಹೊರಡುತ್ತದೆ. ಮೇಲಕ್ಕೆ ಎಸೆದ ಚೆಂಡಿನ ಲೆಕ್ಕಕ್ಕೆ a = −9.8 ಹಾಕಿದರೆ ಚೆಂಡು ಮೇಲೆ ಹೋಗುವುದೇ ಇಲ್ಲ, ಕೈ ಬಿಟ್ಟ ಕೂಡಲೇ ಕೆಳಗೆ ಬೀಳುತ್ತದೆ. ಕೊನೆಯ C ಗೆ ಯಾವ ಬೆಲೆ ಕೊಟ್ಟರೂ ಅದು ಸರಿಹೋಗುವುದಿಲ್ಲ. ಎರಡನೇ ಕ್ರಮದ ಅವಕಲ ಸಮೀಕರಣದ ಸಾಮಾನ್ಯ ಪರಿಹಾರದಲ್ಲಿ ಎರಡು ಸ್ಥಿರಾಂಕ ಇರಬೇಕು ಎಂದು ಪಾಠದಲ್ಲಿ ಬರುವ ಮಾತನ್ನು ನಾನು ಈ ಚೆಂಡಿನ ಲೆಕ್ಕದ ನಂತರವೇ ಹೇಳುತ್ತೇನೆ, ಮತ್ತು ಅವನ್ನು C₁, C₂ ಎಂದು ಬೇರೆ ಬೇರೆ ಹೆಸರಿಟ್ಟೇ ಬರೆಸುತ್ತೇನೆ. ಎರಡಕ್ಕೂ C ಎಂದೇ ಬರೆದರೆ ಮುಂದಿನ ಸಾಲಿನಲ್ಲಿ ಅವು ಕೂಡಿಹೋಗಿ ಮತ್ತೆ ಒಂದೇ ಉಳಿಯುತ್ತದೆ.